ಬಡ್ಡಿಯ ಮೇಲಿನ ಬಡ್ಡಿಯನ್ನು ಸಂಘದ ಸಭೆಯಲ್ಲಿ ಕಣ್ಣಿಗೆ ಕಾಣಿಸುವುದು ಹೇಗೆ?

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಯಾವ ಸ್ತ್ರೀಶಕ್ತಿ ಸಂಘದ ಸಭೆಗೆ ಹೋದರೂ ಚಕ್ರಬಡ್ಡಿ ಅಂದರೇನು ಎಂದು ಹೇಳಿಕೊಡುವ ಅಗತ್ಯ ಬೀಳುವುದಿಲ್ಲ. ಕೈಸಾಲ ತಂದು ಬಡ್ಡಿ ಕಟ್ಟಲಾಗದೆ, ಆ ಬಡ್ಡಿಯನ್ನೂ ಅಸಲಿಗೆ ಸೇರಿಸಿ ಹೊಸ ಪತ್ರ ಬರೆದುಕೊಟ್ಟವರು ಪ್ರತಿ ಸಂಘದಲ್ಲೂ ಇದ್ದಾರೆ. ಅದೇ ಲೆಕ್ಕ ನಮ್ಮ ಪರವಾಗಿ ಓಡಿದರೆ ಎಷ್ಟಾಗುತ್ತದೆ, ಎಷ್ಟು ವರ್ಷ ಕಾಯಬೇಕು, ಎಲ್ಲಿ ಕಡಿದುಹೋಗುತ್ತದೆ ಎಂಬುದು ಮಾತ್ರ ಹೆಚ್ಚಿನವರಿಗೆ ತಿಳಿದಿಲ್ಲ. ಸಂಘದ ಪ್ರತಿನಿಧಿಗಳು, ಪುಸ್ತಕ ಬರೆಯುವವರು, ಒಕ್ಕೂಟದ ಕಾರ್ಯಕರ್ತೆಯರು ಒಂದು ಸಭೆಯಲ್ಲಿ, ಮುಕ್ಕಾಲು ಗಂಟೆಯೊಳಗೆ ಇದನ್ನು ಹೇಗೆ ವಿವರಿಸಬಹುದು ಎಂದು ಇಲ್ಲಿ ಬರೆಯುತ್ತಿದ್ದೇನೆ. ಬ್ಯಾಂಕಿನ ಕೆಲಸದಲ್ಲಿದ್ದಾಗಲೂ ಆಮೇಲೂ ನಾನು ಹೇಳಿಕೊಂಡು ಬಂದಿರುವುದು ಇದೇ ಕ್ರಮದಲ್ಲಿ.

ಸಭೆಗೆ ಮುಂಚೆ

ಮೂರು ಬಗೆಯ ಕಾಳು ಬೇಕು: ಹುಣಸೆ ಬೀಜ, ಅವರೆಕಾಳು, ಹುರುಳಿಕಾಳು. ಒಂದೊಂದೂ ಎಪ್ಪತ್ತೈದರ ಹತ್ತಿರ ಇದ್ದರೆ ಸಾಕು. ಸೀಮೆಸುಣ್ಣ, ಒಂದು ಕ್ಯಾಲ್ಕುಲೇಟರ್ ಇರಲಿ. ಬೋರ್ಡ್ ಇಲ್ಲದಿದ್ದರೆ ದೇವಸ್ಥಾನದ ಜಗುಲಿಯ ಕಲ್ಲೇ ಬೋರ್ಡ್. ಪಟ ತೋರಿಸುವ ಯಂತ್ರ, ಅಚ್ಚು ಹಾಕಿಸಿದ ಬಣ್ಣದ ಹಾಳೆ ಇವೆಲ್ಲ ಬೇಡ. ಅವನ್ನು ನೋಡುತ್ತಾರೆ, ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು.

ಹಾಲಿನ ಬಟವಾಡೆ ಆದ ವಾರ ಈ ಮಾತು ಇಟ್ಟುಕೊಳ್ಳುವುದು ಒಳ್ಳೆಯದು. ಕೈಯಲ್ಲಿ ನಾಲ್ಕು ಕಾಸು ಇದ್ದಾಗ ಉಳಿತಾಯದ ಮಾತು ಕಿವಿಗೆ ಬೀಳುವ ರೀತಿಯೇ ಬೇರೆ. ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ಕಡೆಗೂ, ರೇಷ್ಮೆ ಹುಳು ಹಣ್ಣಾಗುವ ದಿನಗಳಲ್ಲಿ ಶಿಡ್ಲಘಟ್ಟದ ಕಡೆಗೂ ಸಭೆ ಕರೆಯಬೇಡಿ. ಯಾರೂ ಬರುವುದಿಲ್ಲ, ಬಂದವರ ಮನಸ್ಸೂ ಅಲ್ಲಿರುವುದಿಲ್ಲ.

ಮೊದಲು ಸಾಲದ ಲೆಕ್ಕ

ಉಳಿತಾಯದಿಂದ ಶುರು ಮಾಡಬೇಡಿ, ಸಾಲದಿಂದ ಶುರು ಮಾಡಿ. "ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಹತ್ತು ಸಾವಿರ ತಂದು, ಬಡ್ಡಿ ಕಟ್ಟದೆ ಅಸಲಿಗೇ ಸೇರಿಸಿಕೊಂಡು ಹೋದರೆ ಎಷ್ಟು ದಿನಕ್ಕೆ ಇಪ್ಪತ್ತು ಸಾವಿರ ಆಗುತ್ತೆ?" ಎಂದು ಕೇಳಿ. ಸಾಮಾನ್ಯವಾಗಿ ಒಬ್ಬರಲ್ಲ ಒಬ್ಬರು "ಮೂರು ವರ್ಷ" ಅನ್ನುತ್ತಾರೆ. ತಿಂಗಳಿಗೆ ಮುನ್ನೂರು, ವರ್ಷಕ್ಕೆ ಮೂರು ಸಾವಿರದ ಆರುನೂರು ಎಂಬ ಲೆಕ್ಕ ಅದು. ಬಡ್ಡಿಗೆ ಬಡ್ಡಿ ಬೀಳದಿದ್ದರೆ ಹೆಚ್ಚುಕಡಿಮೆ ಸರಿಯೇ. ಆದರೆ ತಿಂಗಳು ತಿಂಗಳೂ ಅಸಲಿಗೆ ಸೇರಿಸಿದರೆ ಎರಡೇ ವರ್ಷದಲ್ಲಿ 20,000 ದಾಟುತ್ತದೆ. ಇಪ್ಪತ್ನಾಲ್ಕನೇ ತಿಂಗಳಿಗೆ 20,328.

ಇಲ್ಲಿ 72ರ ಲೆಕ್ಕ ಹೇಳಿಕೊಡಿ. 72ನ್ನು ಬಡ್ಡಿಯ ದರದಿಂದ ಭಾಗಿಸಿದರೆ ದುಡ್ಡು ಎರಡರಷ್ಟಾಗಲು ಹಿಡಿಯುವ ಕಾಲ ಸುಮಾರಾಗಿ ಸಿಗುತ್ತದೆ. ತಿಂಗಳಿಗೆ 3 ಅಂದರೆ 24 ತಿಂಗಳು. ಮೀಟರ್ ಬಡ್ಡಿ ತಿಂಗಳಿಗೆ 10 ಅಂದರೆ 7 ತಿಂಗಳ ಆಸುಪಾಸು. ಪೋಸ್ಟಾಫೀಸಿನಲ್ಲೋ ಬ್ಯಾಂಕಿನಲ್ಲೋ ವರ್ಷಕ್ಕೆ 7 ಅಂದರೆ 10 ವರ್ಷಕ್ಕೂ ಸ್ವಲ್ಪ ಹೆಚ್ಚು. ದರ ತಿಂಗಳದ್ದಾದರೆ ಉತ್ತರ ತಿಂಗಳಲ್ಲಿ, ವರ್ಷದ್ದಾದರೆ ಉತ್ತರ ವರ್ಷದಲ್ಲಿ ಎಂಬುದನ್ನು ಎರಡು ಸಲ ಹೇಳಿ. ಎಲ್ಲರೂ ಎಡವುವುದು ಅಲ್ಲೇ. ಊರಿನಲ್ಲಿ ಬಡ್ಡಿ ಮಾತಾಡುವುದು ತಿಂಗಳ ಲೆಕ್ಕದಲ್ಲಿ, ಬ್ಯಾಂಕಿನಲ್ಲಿ ವರ್ಷದ ಲೆಕ್ಕದಲ್ಲಿ. "ಬ್ಯಾಂಕಿನಲ್ಲಿ ಏಳು ಕೊಡ್ತಾರೆ, ಸಾಹುಕಾರ ಮೂರೇ ತಗೊಳ್ಳೋದು" ಎಂದು ಲೆಕ್ಕ ಹಾಕಿಕೊಂಡು ಸಾಲ ಇಟ್ಟುಕೊಂಡೇ ಉಳಿತಾಯಕ್ಕೆ ಹಾಕಿದವರಿದ್ದಾರೆ. ಸಾಹುಕಾರನ ಆ ಮೂರು ತಿಂಗಳದ್ದು, ಅಂದರೆ ವರ್ಷಕ್ಕೆ ಮೂವತ್ತಾರು.

ಇಷ್ಟು ಗೊತ್ತಾದ ಮೇಲೆ ಇನ್ನೊಂದು ಮಾತನ್ನು ನೇರವಾಗಿ ಹೇಳಿಬಿಡಿ. ಮೂರು ರೂಪಾಯಿ ಬಡ್ಡಿಯ ಸಾಲ ತಲೆಯ ಮೇಲಿರುವವರು ಇವತ್ತು ಹೇಳುವ ಉಳಿತಾಯಕ್ಕೆ ಕೈಹಾಕುವುದು ಬೇಡ. ಸಂಘದ ಕಡ್ಡಾಯ ಉಳಿತಾಯ ಬಿಟ್ಟು ಮಿಕ್ಕಿದ್ದೆಲ್ಲ ಮೊದಲು ಆ ಸಾಲಕ್ಕೆ ಹೋಗಲಿ. ಸಂಘದಿಂದ ಒಂದು ರೂಪಾಯಿ ಬಡ್ಡಿಗೆ ಸಾಲ ಪಡೆದು ಅದನ್ನು ತೀರಿಸಿದರೆ ಇನ್ನೂ ಒಳ್ಳೆಯದು. ಎರಡು ವರ್ಷಕ್ಕೆ ಎರಡರಷ್ಟಾಗುವ ಸಾಲವನ್ನು ಹತ್ತು ವರ್ಷಕ್ಕೆ ಎರಡರಷ್ಟಾಗುವ ಉಳಿತಾಯ ಯಾವತ್ತೂ ಹಿಡಿಯಲಾರದು.

ಆ 29 ರೂಪಾಯಿ ಎಲ್ಲಿಂದ ಬಂತು?

ಈಗ ಉಳಿತಾಯಕ್ಕೆ ಬನ್ನಿ. ತಿಂಗಳಿಗೆ 500 ರೂಪಾಯಿ ಅಂತ ಇಟ್ಟುಕೊಳ್ಳಿ, ವರ್ಷಕ್ಕೆ 6,000. ಬಡ್ಡಿ ವರ್ಷಕ್ಕೆ ನೂರಕ್ಕೆ 7. ಲೆಕ್ಕ ಸುಲಭವಾಗಲಿ ಎಂದು, ಒಂದು ವರ್ಷ ಕಟ್ಟಿದ ದುಡ್ಡಿಗೆ ಅದೇ ವರ್ಷ ಬಡ್ಡಿ ಬೇಡ, ಮುಂದಿನ ವರ್ಷದಿಂದ ಬರಲಿ ಎಂದು ಒಪ್ಪಿಕೊಳ್ಳಿ. ನಿಜವಾಗಿ ಇದಕ್ಕಿಂತ ಸ್ವಲ್ಪ ಹೆಚ್ಚೇ ಸಿಗುತ್ತದೆ. ಬೋರ್ಡಿನ ಮೇಲೆ ಐದೇ ಸಾಲು ಬರೆಯಿರಿ:

1ನೇ ವರ್ಷ: ಬಡ್ಡಿ ಇಲ್ಲ, ಗಂಟು 6,000
2ನೇ ವರ್ಷ: ಬಡ್ಡಿ 420, ಗಂಟು 12,420
3ನೇ ವರ್ಷ: ಬಡ್ಡಿ 869, ಗಂಟು 19,289
4ನೇ ವರ್ಷ: ಬಡ್ಡಿ 1,350, ಗಂಟು 26,639
5ನೇ ವರ್ಷ: ಬಡ್ಡಿ 1,865, ಗಂಟು 34,504

ಪ್ರತಿ ಸಾಲನ್ನೂ ನೀವೇ ಬರೆದುಬಿಡಬೇಡಿ, ಕ್ಯಾಲ್ಕುಲೇಟರ್ ಒಬ್ಬರ ಕೈಗೆ ಕೊಡಿ. ಹಿಂದಿನ ಗಂಟು ಗುಣಿಸು 7, ಭಾಗಿಸು 100, ಬಂದ ಬಡ್ಡಿಯನ್ನು ಗಂಟಿಗೆ ಕೂಡಿ, ಅದರ ಮೇಲೆ 6,000 ಕೂಡಿ. ಶಾಲೆಗೆ ಹೋಗುವ ಹುಡುಗಿ ಅಮ್ಮನ ಜೊತೆ ಬಂದಿದ್ದರೆ ಅವಳೇ ಮಾಡಲಿ.

ಮೂರನೇ ಸಾಲಿಗೆ ಬಂದಾಗ ನಿಲ್ಲಿ. ಆರು ಸಾವಿರಕ್ಕೆ ಬಡ್ಡಿ 420. ಹಾಗಾದರೆ ನಾವು ಕಟ್ಟಿದ ಹನ್ನೆರಡು ಸಾವಿರಕ್ಕೆ 840 ಬರಬೇಕಿತ್ತು. ಬಂದದ್ದು 869. ಆ 29 ರೂಪಾಯಿ ಎಲ್ಲಿಂದ ಬಂತು? ಸುಮ್ಮನಿದ್ದು ಉತ್ತರಕ್ಕೆ ಕಾಯಿರಿ. ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ, ಅದು ಹೋದ ವರ್ಷದ ಬಡ್ಡಿ 420 ತಂದ ಬಡ್ಡಿ ಎಂದು. ಆ 29ರ ಸುತ್ತ ದೊಡ್ಡದಾಗಿ ಒಂದು ಸೊನ್ನೆ ಸುತ್ತಿ. ನಾಲ್ಕನೇ ವರ್ಷದಲ್ಲಿ ಹೀಗೆ ಬಂದದ್ದು 90, ಐದನೇ ವರ್ಷದಲ್ಲಿ 185. ನಾವು ಕಟ್ಟುವುದು ವರ್ಷ ವರ್ಷವೂ ಅದೇ ಆರು ಸಾವಿರ. ವರ್ಷ ವರ್ಷಕ್ಕೂ ಹೆಚ್ಚು ಹೆಚ್ಚಾಗಿ ಬೆಳೆಯುತ್ತಿರುವುದು ಆ ಸೊನ್ನೆಯೊಳಗಿನ ಅಂಕಿ.

ಈ ಘಟ್ಟದಲ್ಲಿ ಯಾರಾದರೂ "ಐದು ವರ್ಷಕ್ಕೆ ನಾಲ್ಕೂವರೆ ಸಾವಿರ ಬಡ್ಡೀನಾ ಮೇಡಂ? ಒಂದು ಕುರಿ ಸಾಕಿದ್ರೆ ಇದಕ್ಕಿಂತ ಜಾಸ್ತಿ ಬರುತ್ತೆ" ಅನ್ನುತ್ತಾರೆ. ಸುಳ್ಳಲ್ಲ. ವಾದಕ್ಕಿಳಿಯಬೇಡಿ, ಕಾಳು ತೆಗೆಯಿರಿ.

ಕಾಳಿನ ಲೆಕ್ಕ

ಒಂದು ಕಾಳು ಅಂದರೆ 5,000 ರೂಪಾಯಿ. ಹುಣಸೆ ಬೀಜ ನಾವು ಕಟ್ಟಿದ ದುಡ್ಡು. ಅವರೆಕಾಳು ಆ ದುಡ್ಡಿಗೆ ಬಂದ ಬಡ್ಡಿ. ಹುರುಳಿಕಾಳು ಬಡ್ಡಿಗೆ ಬಂದ ಬಡ್ಡಿ, ಅಂದರೆ ಆಗ ಸೊನ್ನೆ ಸುತ್ತಿದ್ದು. ನೆಲದ ಮೇಲೆ ಮೂರು ಚೌಕ ಬರೆದು ಹತ್ತು ವರ್ಷ, ಇಪ್ಪತ್ತು ವರ್ಷ, ಮೂವತ್ತು ವರ್ಷ ಎಂದು ಗುರುತು ಹಾಕಿ. ಕಾಳು ಇಡುವವರು ಸದಸ್ಯೆಯರೇ ಆಗಿರಲಿ, ನೀವು ಎಣಿಕೆ ಮಾತ್ರ ಹೇಳಿ.

ಹತ್ತು ವರ್ಷದ ಚೌಕದಲ್ಲಿ 12 ಹುಣಸೆ ಬೀಜ, 4 ಅವರೆಕಾಳು, 1 ಹುರುಳಿಕಾಳು. ಅಸಲಿ ಲೆಕ್ಕದಲ್ಲಿ ಗಂಟು 82,899. ಅದರಲ್ಲಿ ಕಟ್ಟಿದ್ದು 60,000, ಅದರ ಬಡ್ಡಿ 18,900, ಬಡ್ಡಿಯ ಬಡ್ಡಿ 3,999. ಹತ್ತು ವರ್ಷ ಒದ್ದಾಡಿದ್ದಕ್ಕೆ ಒಂದೇ ಒಂದು ಹುರುಳಿಕಾಳು. ಹೆಚ್ಚಿನವರು ಗಂಟು ಮುರಿಯುವುದು ಇಲ್ಲೇ, ಅವರನ್ನು ಬೈಯುವ ಹಾಗೂ ಇಲ್ಲ.

ಇಪ್ಪತ್ತು ವರ್ಷದ ಚೌಕದಲ್ಲಿ 24 ಹುಣಸೆ ಬೀಜ, 16 ಅವರೆಕಾಳು, 9 ಹುರುಳಿಕಾಳು. ಗಂಟು 2,45,973.

ಮೂವತ್ತು ವರ್ಷದ ಚೌಕದಲ್ಲಿ 36 ಹುಣಸೆ ಬೀಜ, 37 ಅವರೆಕಾಳು, 41 ಹುರುಳಿಕಾಳು. ಗಂಟು 5,66,765. ಕಟ್ಟಿದ ದುಡ್ಡು 1,80,000, ಬಡ್ಡಿಯ ಬಡ್ಡಿಯೊಂದೇ 2,04,065.

ಹುರುಳಿಯ ರಾಶಿ ಹುಣಸೆ ಬೀಜದ ರಾಶಿಯನ್ನು ಮೀರಿದ್ದನ್ನು ಬಾಯಲ್ಲಿ ಹೇಳಬೇಕಾಗಿಲ್ಲ, ನೆಲದ ಮೇಲೆ ಬಿದ್ದಿರುತ್ತದೆ. ಹುರುಳಿಯನ್ನೇ ಎಣಿಸಿಕೊಂಡು ಬನ್ನಿ ಎನ್ನಿ: ಒಂದು, ಒಂಬತ್ತು, ನಲವತ್ತೊಂದು. ಹುಣಸೆ ಬೀಜ ಹನ್ನೆರಡರ ಮಗ್ಗಿಯಂತೆ ಹನ್ನೆರಡು, ಇಪ್ಪತ್ನಾಲ್ಕು, ಮೂವತ್ತಾರು ಎಂದು ಹೋಗುತ್ತದೆ. ಹುರುಳಿಗೆ ಮಗ್ಗಿ ಇಲ್ಲ.

ತಡವಾಗಿ ಶುರು ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಇದೇ ಚೌಕ ಸಾಕು. ಇಪ್ಪತ್ತೈದನೇ ವಯಸ್ಸಿಗೆ ಶುರು ಮಾಡಿದವಳಿಗೆ ಐವತ್ತೈದಕ್ಕೆ ಮೂರನೇ ಚೌಕ ಸಿಗುತ್ತದೆ, ಮೂವತ್ತೈದಕ್ಕೆ ಶುರು ಮಾಡಿದವಳಿಗೆ ಎರಡನೆಯದು. ಇಬ್ಬರೂ ಕಟ್ಟಿದ್ದರಲ್ಲಿ ಇರುವ ವ್ಯತ್ಯಾಸ 12 ಹುಣಸೆ ಬೀಜ. ಒಟ್ಟು ಕಾಳಿನಲ್ಲಿ ವ್ಯತ್ಯಾಸ 65. ಆದ್ದರಿಂದಲೇ ಸಭೆಗೆ ಹೊಸದಾಗಿ ಬಂದ ಸೊಸೆಯಂದಿರನ್ನು ಮುಂದೆ ಕೂರಿಸಿ ಅನ್ನುವುದು. ಅತ್ತೆಯಂದಿರಿಗೆ ಇದರಿಂದ ಸಿಗುವುದು ಕಡಿಮೆ, ಅದನ್ನೂ ಮುಚ್ಚಿಡಬೇಡಿ. ಐವತ್ತು ದಾಟಿದವರು ತಮಗಿಂತ ಮೊಮ್ಮಗಳ ಹೆಸರಿನಲ್ಲಿ ಶುರು ಮಾಡುವುದು ಮೇಲು. ಮಗುವಿಗೆ ಹತ್ತು ವರ್ಷ ತುಂಬಿಲ್ಲದಿದ್ದರೆ ಅಪ್ಪ ಅಮ್ಮ ಹೋಗಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು, ವರ್ಷಕ್ಕೆ 250 ರೂಪಾಯಿ ಕಟ್ಟಿದರೂ ಖಾತೆ ಜೀವಂತವಾಗಿರುತ್ತದೆ.

ಹತ್ತು ವರ್ಷ, ಇಪ್ಪತ್ತು ವರ್ಷ ಅಂದರೆ ದೂರದ ಮಾತಾಯಿತು ಅನ್ನುವವರಿಗೆ ಹತ್ತಿರದ ಗುರುತೊಂದು ಇದೆ: ಹನ್ನೆರಡನೇ ವರ್ಷ. ಆ ವರ್ಷ ಬರುವ ಬಡ್ಡಿ 6,629. ಅಂದರೆ ಮೊದಲ ಸಲ, ನಾವು ಇಡೀ ವರ್ಷ ಕಟ್ಟುವ 6,000ಕ್ಕಿಂತ ಹೆಚ್ಚನ್ನು ಗಂಟೇ ತಂದುಕೊಡುತ್ತದೆ. ಅಲ್ಲಿಂದ ಮುಂದೆ ಆಕೆ ಕಟ್ಟುವುದಕ್ಕಿಂತ ಗಂಟು ಕಟ್ಟುವುದೇ ಜಾಸ್ತಿ. ತಿಂಗಳಿಗೆ ಐನೂರರ ಬದಲು ಇನ್ನೂರು ಕಟ್ಟಿದರೂ ಸಾವಿರ ಕಟ್ಟಿದರೂ, ದರ 7 ಇದ್ದರೆ, ಅದೇ ಹನ್ನೆರಡನೇ ವರ್ಷವೇ ದಾಟುತ್ತದೆ. ಇದನ್ನು ಕೇಳಿ ಕಡಿಮೆ ಕಟ್ಟುವವರ ಮುಖ ಅರಳುವುದನ್ನು ನೋಡಿದ್ದೇನೆ.

ಸಂಘದ ಬಡ್ಡಿಯನ್ನು ಹಂಚಿಕೊಂಡರೆ

ನಮ್ಮ ಸಂಘಗಳಲ್ಲಿ ಯುಗಾದಿಗೋ ವರಮಹಾಲಕ್ಷ್ಮಿ ಹಬ್ಬಕ್ಕೋ ವರ್ಷದ ಬಡ್ಡಿಯನ್ನು ಹಂಚಿಕೊಳ್ಳುವ ರೂಢಿ ಇದೆ. ಸೀರೆ, ಪಾತ್ರೆ, ಇಲ್ಲದಿದ್ದರೆ ಕೈಗೆ ನಗದು. ಮೂಲ ಉಳಿತಾಯ ಮುಟ್ಟಲಿಲ್ಲ, ಬಡ್ಡಿ ತಾನೇ, ಏನೂ ನಷ್ಟವಿಲ್ಲ ಎಂಬ ಭಾವನೆ. ಕಾಳಿನ ಭಾಷೆಯಲ್ಲಿ ಹೇಳಿದರೆ ಅವರೆಕಾಳನ್ನು ವರ್ಷ ವರ್ಷ ತಿಂದುಬಿಟ್ಟರೆ ಹುರುಳಿ ಹುಟ್ಟುವುದೇ ಇಲ್ಲ.

ಹದಿನೈದು ಜನರ ಸಂಘ, ವಾರಕ್ಕೆ ತಲಾ 50 ರೂಪಾಯಿ ಎಂದುಕೊಳ್ಳಿ. ವರ್ಷಕ್ಕೆ 39,000. ಅಷ್ಟನ್ನೂ ಸದಸ್ಯೆಯರಿಗೇ ನೂರಕ್ಕೆ ಒಂದು ರೂಪಾಯಿ ಬಡ್ಡಿಗೆ ಸಾಲ ಕೊಟ್ಟರೆ ವರ್ಷಕ್ಕೆ ನೂರಕ್ಕೆ 12. ಮೊದಲಿನಂತೆಯೇ ಲೆಕ್ಕ ಹಾಕಿದರೆ ಹತ್ತು ವರ್ಷದಲ್ಲಿ ಕಟ್ಟಿದ ಉಳಿತಾಯ 3,90,000. ವರ್ಷ ವರ್ಷ ಹಂಚಿಕೊಂಡ ಬಡ್ಡಿಯ ಒಟ್ಟು ಮೊತ್ತ 2,10,600. ಹಂಚದೆ ಮತ್ತೆ ಸಾಲಕ್ಕೆ ಬಿಟ್ಟಿದ್ದರೆ ಗಂಟು 6,84,401 ಆಗುತ್ತಿತ್ತು, ಅಂದರೆ ಸುಮಾರು 84,000 ಹೆಚ್ಚು. ಐದು ವರ್ಷಕ್ಕೆ ನಿಲ್ಲಿಸಿ ನೋಡಿದರೆ ಈ ವ್ಯತ್ಯಾಸ ಆರು ಸಾವಿರವೂ ಇಲ್ಲ. ಹಾಗಾಗಿ ಐದು ವರ್ಷದ ಸಂಘದವರು "ಹಂಚಿಕೊಂಡರೆ ಏನಾಯಿತು" ಅಂದರೆ ಅವರ ಅನುಭವದ ಮಟ್ಟಿಗೆ ಸರಿಯೇ.

ಇಲ್ಲಿ ಎರಡು ಎಚ್ಚರಿಕೆ. ಗಂಟು ಪೂರ್ತಿ ಸಾಲದಲ್ಲಿ ಓಡುತ್ತಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಅರ್ಧ ದುಡ್ಡು ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಮಲಗಿದ್ದರೆ, ಅಥವಾ ಒಬ್ಬಿಬ್ಬರು ಕಂತು ನಿಲ್ಲಿಸಿದ್ದರೆ ಇಷ್ಟಾಗುವುದಿಲ್ಲ. ಇನ್ನೊಂದು, ಈ ಬಡ್ಡಿಯನ್ನು ಕಟ್ಟುತ್ತಿರುವವರು ಹೊರಗಿನವರಲ್ಲ, ಸಂಘದವರೇ. ಗಂಟು ಬೇಗ ಬೆಳೆಯಲಿ ಎಂದು ಬಡ್ಡಿಯನ್ನು ಎರಡು ರೂಪಾಯಿಗೆ ಏರಿಸಿದರೆ ಪದೇ ಪದೇ ಸಾಲ ಮಾಡಬೇಕಾದ ಬಡವಳ ಕೈಯಿಂದ ಸಾಲ ಬೇಡದವಳ ಕೈಗೆ ದುಡ್ಡು ಹರಿಯುತ್ತದೆ, ಅಷ್ಟೆ. ನನ್ನ ಕೇಳಿದರೆ ಬಡ್ಡಿ ಒಂದು ರೂಪಾಯಿಯಲ್ಲೇ ನಿಲ್ಲಲಿ, ಹಂಚುವುದನ್ನು ನಿಲ್ಲಿಸಲಿ. ಹಬ್ಬಕ್ಕೆ ಸೀರೆ ಬೇಕೇ ಬೇಕು ಅನ್ನುವುದಾದರೆ ಬಡ್ಡಿಯ ಕಾಲುಭಾಗ ಮಾತ್ರ ಹಂಚುವುದು ಎಂದು ನಿರ್ಣಯ ಪುಸ್ತಕದಲ್ಲಿ ಬರೆದುಕೊಳ್ಳಿ. ಸೀರೆಯೂ ಬೇಡ ಎಂದು ಹೇಳಿ ಗೆದ್ದ ಪ್ರತಿನಿಧಿಯನ್ನು ನಾನು ಇನ್ನೂ ಕಂಡಿಲ್ಲ.

ಸ್ವಂತ ಉಳಿತಾಯ ಎಲ್ಲಿಡಬೇಕು

ಸಂಘದ ಉಳಿತಾಯ ಸಂಘದಲ್ಲಿರಲಿ. ಅದರ ಹೊರಗೆ ಪ್ರತಿಯೊಬ್ಬಳೂ ತನ್ನ ಹೆಸರಿನಲ್ಲೇ ಒಂದು ಗಂಟು ಕಟ್ಟಬೇಕಾದರೆ ಶುರುವಿಗೆ ಪೋಸ್ಟಾಫೀಸಿನ ಆರ್‌ಡಿ ಅನುಕೂಲ. ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು, ಅವಧಿ 5 ವರ್ಷ. 2025ರಲ್ಲಿ ಇದರ ಬಡ್ಡಿ ವರ್ಷಕ್ಕೆ 6.7, ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರುತ್ತದೆ. ಹೊಸ ಖಾತೆಗಳ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುವುದರಿಂದ ತೆರೆಯುವ ದಿನ ಕೇಳಿಕೊಳ್ಳಿ. ಆ ದರದಲ್ಲಿ ತಿಂಗಳಿಗೆ 500 ಕಟ್ಟಿದರೆ ಐದು ವರ್ಷಕ್ಕೆ 30,000ಕ್ಕೆ ಸುಮಾರು 35,680 ಸಿಗುತ್ತದೆ.

ಖಾತೆ ತೆರೆಯುವ ತಾರೀಖನ್ನು ಬಟವಾಡೆ ನೋಡಿ ಆರಿಸಿಕೊಳ್ಳಿ. ತಿಂಗಳ 15ರೊಳಗೆ ತೆರೆದರೆ ಪ್ರತಿ ತಿಂಗಳೂ 15ರೊಳಗೆ ಕಟ್ಟಬೇಕು. 16ರ ಮೇಲೆ ತೆರೆದರೆ ತಿಂಗಳ ಕೊನೆಯ ಕೆಲಸದ ದಿನದವರೆಗೂ ಸಮಯವಿರುತ್ತದೆ. ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿಯಂತೆ ದಂಡ, ನಾಲ್ಕು ಕಂತು ತಪ್ಪಿದರೆ ಖಾತೆ ನಿಲ್ಲುತ್ತದೆ. ಆಮೇಲೆ ಎರಡು ತಿಂಗಳೊಳಗೆ ಬಾಕಿ ಕಟ್ಟಿ ಮತ್ತೆ ಜೀವ ಕೊಡಿಸಬಹುದು. ಏಜೆಂಟರ ಕೈಗೆ ದುಡ್ಡು ಕೊಡುವವರು ತಿಂಗಳು ತಿಂಗಳೂ ಪಾಸ್‌ಬುಕ್‌ನಲ್ಲಿ ಕಂತು ಬಿದ್ದಿದೆಯೇ ಎಂದು ನೋಡಲೇಬೇಕು. ಅಕ್ಷರ ಬಾರದವರು ಸಭೆಗೆ ಪಾಸ್‌ಬುಕ್ ತಂದು ಪುಸ್ತಕ ಬರೆಯುವವರ ಹತ್ತಿರ ಓದಿಸಿಕೊಳ್ಳಲಿ.

ಮಧ್ಯದಲ್ಲಿ ದುಡ್ಡು ಬೇಕಾದಾಗ ಆರ್‌ಡಿ ಮುರಿಯಬೇಡಿ. ಮೂರು ವರ್ಷದ ನಂತರ ಮುರಿಯಲು ಬಿಡುತ್ತಾರೆ, ಆದರೆ ಅವಧಿಗೆ ಒಂದು ದಿನ ಮೊದಲು ಮುರಿದರೂ ಸಿಗುವುದು ಉಳಿತಾಯ ಖಾತೆಯ ಬಡ್ಡಿ, ಅಂದರೆ ವರ್ಷಕ್ಕೆ 4. ಐದನೇ ವರ್ಷದ ಕೊನೆಗೆ ಬಂದು ಮುರಿದವಳಿಗೆ ಬಡ್ಡಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದರ ಬದಲು, ಹನ್ನೆರಡು ಕಂತು ಕಟ್ಟಿದ ಮೇಲೆ ಖಾತೆಯಲ್ಲಿರುವುದರ ಅರ್ಧದವರೆಗೆ ಅದರ ಮೇಲೇ ಸಾಲ ಸಿಗುತ್ತದೆ. ಬಡ್ಡಿ ಆರ್‌ಡಿಯ ದರಕ್ಕಿಂತ 2 ಹೆಚ್ಚು, ಅಂದರೆ ವರ್ಷಕ್ಕೆ 8.7. ಕೈಸಾಲಕ್ಕೆ ಹೋಲಿಸಿದರೆ ಏನೇನೂ ಅಲ್ಲ.

ಇನ್ನು ಐದನೇ ವರ್ಷದ ಗಂಡಾಂತರ. ಮೂವತ್ತೈದು ಸಾವಿರ ಒಟ್ಟಿಗೆ ಕೈಗೆ ಬಂದಾಗ ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೆಲಸ ನೆನಪಾಗುತ್ತದೆ. ಬೋರಿನ ಮೋಟರ್ ಸುಡುತ್ತದೆ, ನಾದಿನಿಯ ಮದುವೆ ನಿಶ್ಚಯವಾಗುತ್ತದೆ. ಗಂಟು ಕರಗಿದರೆ ಮರುತಿಂಗಳಿಂದ ಮತ್ತೆ ಮೊದಲನೇ ವರ್ಷ, ಮತ್ತೆ ಸೊನ್ನೆ ಬಡ್ಡಿ. ಇಪ್ಪತ್ತು ವರ್ಷ ಉಳಿತಾಯ ಮಾಡಿದೆ ಅನ್ನುವವರಲ್ಲಿ ಎಷ್ಟೋ ಜನ ಮಾಡಿರುವುದು ಐದು ವರ್ಷದ ಉಳಿತಾಯವನ್ನು ನಾಲ್ಕು ಸಲ. ಹುರುಳಿಕಾಳಿನ ಮುಖ ಅವರು ಕಂಡೇ ಇಲ್ಲ.

ಇದಕ್ಕೆ ದಾರಿ ಮುಂಚೆಯೇ ನಿರ್ಧರಿಸಿಕೊಳ್ಳುವುದು. ಅರ್ಜಿ ಕೊಟ್ಟರೆ ಅದೇ ಆರ್‌ಡಿಯನ್ನು ಹಳೆಯ ದರದಲ್ಲೇ ಇನ್ನೈದು ವರ್ಷ ಮುಂದುವರಿಸಬಹುದು. ಇಲ್ಲವಾದರೆ ಬಂದ ಗಂಟನ್ನು ಬೇರೆಡೆ ಇಟ್ಟು ಹೊಸ ಆರ್‌ಡಿ ತೆರೆಯಬಹುದು. ಬೇರೆಡೆ ಇಡುವಾಗ ಒಂದೇ ಪ್ರಶ್ನೆ ಕೇಳಬೇಕು: "ಬಡ್ಡಿ ಅಸಲಿಗೆ ಸೇರುತ್ತಾ, ಕೈಗೆ ಬರುತ್ತಾ?" ಪೋಸ್ಟಾಫೀಸಿನ ಐದು ವರ್ಷದ ಟೈಮ್ ಡೆಪಾಸಿಟ್‌ನಲ್ಲಿ ಬಡ್ಡಿಯನ್ನು ವರ್ಷ ವರ್ಷ ಕೊಟ್ಟುಬಿಡುತ್ತಾರೆ, ತೆಗೆದುಕೊಳ್ಳದೆ ಬಿಟ್ಟರೂ ಅದಕ್ಕೆ ಮತ್ತೆ ಬಡ್ಡಿ ಇಲ್ಲ. ಅಲ್ಲೇ ಸಿಗುವ ರಾಷ್ಟ್ರೀಯ ಉಳಿತಾಯ ಪತ್ರದಲ್ಲಿ, ಅಂದರೆ ಎನ್‌ಎಸ್‌ಸಿಯಲ್ಲಿ, ಬಡ್ಡಿ ವರ್ಷ ವರ್ಷ ಅಸಲಿಗೆ ಸೇರಿ ಐದು ವರ್ಷಕ್ಕೆ ಒಟ್ಟಿಗೆ ಬರುತ್ತದೆ. ಬ್ಯಾಂಕಿನ ಎಫ್‌ಡಿ ಅರ್ಜಿಯಲ್ಲೂ ಬಡ್ಡಿ ಖಾತೆಗೆ ಬೀಳಬೇಕೇ, ಅಸಲಿಗೆ ಸೇರಬೇಕೇ ಎಂದು ಕೇಳಿರುತ್ತಾರೆ. ನಾವು ನೋಡದೆ ಸಹಿ ಹಾಕಿದರೆ ಆ ಕಡೆಯವರು ಒಂದನ್ನು ಗುರುತು ಹಾಕಿಬಿಡುತ್ತಾರೆ. ಸಹಿಗೆ ಮುಂಚೆ ಆ ಸಾಲಿನ ಮೇಲೆ ಬೆರಳಿಟ್ಟು ಓದಿಸಿಕೊಳ್ಳಿ.

ಹದಿನೈದು ವರ್ಷ ಮುಟ್ಟುವುದಿಲ್ಲ ಎಂಬ ಧೈರ್ಯವಿದ್ದವರಿಗೆ ಪಿಪಿಎಫ್ ಇದೆ, ವರ್ಷಕ್ಕೆ ಕನಿಷ್ಠ 500. 2025ರಲ್ಲಿ ಬಡ್ಡಿ 7.1, ವರ್ಷಕ್ಕೊಮ್ಮೆ ಸೇರುತ್ತದೆ. ತಿಂಗಳ 5ನೇ ತಾರೀಖಿನೊಳಗೆ ಕಟ್ಟಿದರೆ ಆ ತಿಂಗಳ ಬಡ್ಡಿಯೂ ಸಿಗುತ್ತದೆ. ಬೇಗ ತೆಗೆಯಲು ಬಿಡುವುದಿಲ್ಲ ಎಂಬುದನ್ನು ಜನ ದೋಷ ಅನ್ನುತ್ತಾರೆ. ಮೋಟರ್ ಸುಟ್ಟ ದಿನ ಅದೇ ಗುಣ.

ಬೆಲೆ ಏರುತ್ತದಲ್ಲ, ಆಗ?

ಈ ಪ್ರಶ್ನೆ ಬರದೆ ಇರುವುದಿಲ್ಲ, ಬರದಿದ್ದರೆ ನೀವೇ ಎತ್ತಿ. ಮೂವತ್ತು ವರ್ಷದ 5,66,765 ಇವತ್ತಿನ ಐದೂವರೆ ಲಕ್ಷದಂತಲ್ಲ. ಬೆಲೆಗಳು ವರ್ಷಕ್ಕೆ ನೂರಕ್ಕೆ 5ರಂತೆ ಏರುತ್ತವೆ ಎಂದುಕೊಂಡರೆ, ಇವತ್ತಿನ ಸುಮಾರು 1,31,000 ರೂಪಾಯಿಗೆ ಸಿಗುವಷ್ಟು ಸಾಮಾನು ಅವತ್ತು ಅದಕ್ಕೆ ಸಿಗುತ್ತದೆ. ಕೇಳಿದವರ ಉತ್ಸಾಹ ಇಳಿಯುತ್ತದೆ, ಇಳಿಯಲಿ. ಮೂವತ್ತನೇ ವರ್ಷದಲ್ಲೂ ಅದೇ ಐನೂರು ಕಟ್ಟುತ್ತಿದ್ದರೆ ಹೀಗೇ ಆಗುತ್ತದೆ. ಅವತ್ತಿಗೆ ಐನೂರು ಅಂದರೆ ಇವತ್ತಿನ ನೂರಿಪ್ಪತ್ತು.

ಅದಕ್ಕೆ ಕಂತನ್ನೇ ಏರಿಸುತ್ತಾ ಹೋಗಬೇಕು. ಹಾಲಿನ ದರ, ಕೂಲಿಯ ದರ ಏರಿದಂತೆ ವರ್ಷಕ್ಕೊಮ್ಮೆ ತಿಂಗಳ ಕಂತಿಗೆ 50 ರೂಪಾಯಿ ಸೇರಿಸಿ. ಮೊದಲ ವರ್ಷ 500, ಎರಡನೇ ವರ್ಷ 550, ಮೂರನೇ ವರ್ಷ 600. ಹೀಗೆ ಹೋದರೆ ಇಪ್ಪತ್ತನೇ ವರ್ಷದಲ್ಲಿ ತಿಂಗಳಿಗೆ 1,450 ಕಟ್ಟುತ್ತಿರುತ್ತೀರಿ, ಗಂಟು 2,45,973ರ ಬದಲು ಸುಮಾರು 4,26,000 ಆಗಿರುತ್ತದೆ. ಆರ್‌ಡಿಯ ಕಂತನ್ನು ಮಧ್ಯದಲ್ಲಿ ಬದಲಿಸಲಾಗದು. ಆದ್ದರಿಂದ ವರ್ಷಕ್ಕೊಂದು 100 ರೂಪಾಯಿಯ ಚಿಕ್ಕ ಆರ್‌ಡಿಯನ್ನೋ, ಎರಡು ವರ್ಷಕ್ಕೊಂದನ್ನೋ ಪಕ್ಕಕ್ಕೆ ತೆರೆಯುತ್ತಾ ಹೋಗುವುದು ರೂಢಿ.

"ಮೂರು ವರ್ಷಕ್ಕೆ ಡಬಲ್" ಅಂದವರು ಬಂದಾಗ

ಕಾಳಿನ ಸಭೆ ಮುಗಿದ ಮೇಲೆ ಒಬ್ಬಳು ಹತ್ತಿರ ಬಂದು ಮೆಲ್ಲಗೆ ಕೇಳುವುದುಂಟು: "ನಮ್ಮೂರಿಗೆ ಒಬ್ರು ಬಂದಿದ್ರು ಮೇಡಂ, ಮೂರು ವರ್ಷಕ್ಕೆ ಡಬಲ್ ಕೊಡ್ತಾರಂತೆ. ಇಪ್ಪತ್ತು ವರ್ಷ ಯಾಕೆ ಕಾಯಬೇಕು?" ಆಕೆಗೇ 72ರ ಲೆಕ್ಕ ಹಾಕಲು ಹೇಳಿ. 72ನ್ನು 3ರಿಂದ ಭಾಗಿಸಿದರೆ 24, ಅಂದರೆ ವರ್ಷಕ್ಕೆ ನೂರಕ್ಕೆ 24 ಬಡ್ಡಿ. ಸರ್ಕಾರ 7 ಕೊಡುವಾಗ 24 ಕೊಡುತ್ತೇನೆ ಅನ್ನುವವನು ಆ ದುಡ್ಡನ್ನು ಎಲ್ಲಿ ಹೂಡಿ, ತನ್ನ ಖರ್ಚು ಕಳೆದು, ಪ್ರತಿ ವರ್ಷ ತಪ್ಪದೆ ಅಷ್ಟನ್ನು ದುಡಿಯುತ್ತಾನೆ? ಹೊಸಬರಿಂದ ತಂದು ಹಳಬರಿಗೆ ಕೊಡುತ್ತಿರುವವರೆಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಠೇವಣಿ ಸಂಗ್ರಹಿಸಲು ಅನುಮತಿ ಯಾರು ಕೊಟ್ಟಿದ್ದಾರೆ ಎಂದು ಲಿಖಿತವಾಗಿ ತೋರಿಸಲು ಕೇಳಿ. 2019ರಿಂದ ಅನುಮತಿಯಿಲ್ಲದೆ ಜನರಿಂದ ಠೇವಣಿ ಎತ್ತುವುದನ್ನು ನಿಷೇಧಿಸುವ ಕೇಂದ್ರದ ಕಾಯ್ದೆಯೇ ಇದೆ. ಬ್ಯಾಂಕಿನಲ್ಲಾದರೆ, ಆ ಬ್ಯಾಂಕೇ ಮುಳುಗಿದರೂ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಠೇವಣಿ ವಿಮೆ ಇರುತ್ತದೆ.

ಸಭೆ ಮುಗಿಯುವ ಮುನ್ನ

ಭಾಷಣಕ್ಕೆ ಚಪ್ಪಾಳೆ ತಟ್ಟಿಸಿಕೊಂಡು ಏಳಬೇಡಿ. ಮೂರು ರೂಪಾಯಿ ಬಡ್ಡಿಯ ಸಾಲ ಯಾರಿಗಿದೆ ಎಂದು ಎಲ್ಲರೆದುರು ಕೇಳಬಾರದು, ಆದರೆ ಆರ್‌ಡಿ ಶುರು ಮಾಡುವವರ ಹೆಸರು, ತಿಂಗಳ ಮೊತ್ತ, ನಾಮಿನಿ ಯಾರು ಎಂಬುದನ್ನು ಅಲ್ಲೇ ಒಂದು ಹಾಳೆಯಲ್ಲಿ ಬರೆಸಿ. ಪೋಸ್ಟಾಫೀಸಿಗೆ ನಾಲ್ಕೈದು ಜನ ಒಟ್ಟಿಗೆ ಹೋಗುವ ದಿನ ಗೊತ್ತುಮಾಡಿ. ಆಧಾರ್, ಎರಡು ಫೋಟೋ ಜೊತೆಗಿರಲಿ, ಪ್ಯಾನ್ ಇದ್ದರೆ ಅದೂ. ಸಂಘದ ಬಡ್ಡಿ ಹಂಚಿಕೆಯ ವಿಷಯವನ್ನು ಮುಂದಿನ ಸಭೆಯ ಮೊದಲ ವಿಷಯವಾಗಿ ಬರೆಸಿ, ಅವತ್ತೇ ತೀರ್ಮಾನಕ್ಕೆ ಒತ್ತಾಯಿಸಬೇಡಿ. ಮನೆಗೆ ಹೋಗಿ ಲೆಕ್ಕ ಹಾಕಿಕೊಂಡು ಬಂದವರ ತೀರ್ಮಾನ ನಿಲ್ಲುತ್ತದೆ.

ಒಂದು ವರ್ಷ ಕಳೆದ ಮೇಲೆ ಎಲ್ಲರೂ ಪಾಸ್‌ಬುಕ್ ತರಲಿ. ಎಷ್ಟು ಕಂತು ಬಿದ್ದಿದೆ, ದಂಡ ಎಷ್ಟು ಕಟ್ಟಿದ್ದಾರೆ ನೋಡಿ. ಒಬ್ಬಳ ಹಾಳೆಯಲ್ಲಿ ಎರಡಕ್ಕಿಂತ ಹೆಚ್ಚು ದಂಡ ಕಂಡರೆ ಆಕೆಗೆ ಮೊತ್ತ ಭಾರವಾಗಿದೆ ಎಂದರ್ಥ. ಬೈಯದೆ, ಬಾಕಿ ಇರುವ ಕಂತಿಗೆ ಸಂಘದಿಂದ ಸಣ್ಣ ಸಾಲ ಕೊಟ್ಟು ಆ ಖಾತೆ ನಿಲ್ಲದಂತೆ ನೋಡಿಕೊಳ್ಳಿ. ಮುಂದಿನ ಆರ್‌ಡಿಯನ್ನು ಇನ್ನೂರು ರೂಪಾಯಿಗೆ ಇಳಿಸಿ ತೆರೆಸಿ.